ತಡಿಯಂಡಮೋಳ್ ಬೆಟ್ಟಕ್ಕೆ ಮೆಟ್ಟಿಲು ಬಂದಿದೆ, ಏನು ಮಾಡಲಿ?

ಪ್ರಶ್ನೆ (ಕಕ್ಕಬ್ಬೆ): ನಮ್ಮೂರಿನ ತಡಿಯಂಡಮೋಳ್ ಬೆಟ್ಟವನ್ನೇ ಗೇಮ್ ಲೆವೆಲ್ ಮಾಡುತ್ತಿದ್ದೇನೆ, ಯೂನಿಟಿಯಲ್ಲಿ. ಎಸ್‌ಆರ್‌ಟಿಎಂ ಎತ್ತರದ ಡೇಟಾ ತಂದು ಹೈಟ್‌ಮ್ಯಾಪ್ ಮಾಡಿದೆ. ಸುಮಾರು 8 ಕಿ.ಮೀ. ಚೌಕ, ಎತ್ತರ 900ರಿಂದ 1750 ಮೀಟರ್. ಆದರೆ ಇಳಿಜಾರೆಲ್ಲ ಮೆಟ್ಟಿಲು ಮೆಟ್ಟಿಲು! ಫೈಲ್ 16 ಬಿಟ್ ಪಿಎನ್‌ಜಿ ಅಂತಲೇ ತೋರಿಸುತ್ತದೆ. ಎಲ್ಲಿ ತಪ್ಪಿದೆ?

ಪೊನ್ನಂಪೇಟೆಯವರು: ಮೆಟ್ಟಿಲು ಅಂದರೆ ಗದ್ದೆ ಇರಬೇಕು ಮಾರಾಯ್ರೇ. ನಮ್ಮ ಕಡೆ ಗದ್ದೆಯೆಲ್ಲ ಹಾಗೇ ಅಲ್ವಾ, ಒಂದರ ಕೆಳಗೆ ಒಂದು?

ಪ್ರಶ್ನೆ ಕೇಳಿದವರು: ಬೆಟ್ಟದ ತುದಿಯಲ್ಲಿ ಯಾರು ಗದ್ದೆ ಮಾಡ್ತಾರೆ ಅಣ್ಣ 🙂

ಮೈಸೂರಿನ ಗೇಮ್ ಡೆವಲಪರ್: ಸಿಂಪಲ್. ಹೈಟ್‌ಮ್ಯಾಪ್‌ಗೆ ಬ್ಲರ್ ಹೊಡೆಯಿರಿ, ಮೇಲೆ ಎಂಟು ಆಕ್ಟೇವ್ ಪರ್ಲಿನ್ ನಾಯ್ಸ್ ಹಾಕಿ. ಮೆಟ್ಟಿಲು ಕಾಣುವುದೇ ಇಲ್ಲ.

ಮಡಿಕೇರಿಯ ನಕ್ಷೆ ಕೆಲಸದವರು: ಬ್ಲರ್ ಆಮೇಲೆ. ಮೊದಲು ಒಂದು ಮೆಟ್ಟಿಲಿನ ಎತ್ತರ ಅಳೆಯಿರಿ. ಯೂನಿಟಿಯಲ್ಲಿ ಒಂದು ಕ್ಯೂಬ್ ಇಟ್ಟು ನೋಡಿದರೆ ಸಾಕು. ಎಷ್ಟು ಬರುತ್ತದೆ?

ಪ್ರಶ್ನೆ ಕೇಳಿದವರು: ಅಳೆದೆ ಅಕ್ಕ. ಮೂರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎಲ್ಲ ಕಡೆ ಅಷ್ಟೇ.

ಮಡಿಕೇರಿಯ ನಕ್ಷೆ ಕೆಲಸದವರು: ಹಾಗಾದರೆ ಕಳ್ಳ ಸಿಕ್ಕಿದ. ನಿಮ್ಮ ಎತ್ತರದ ವ್ಯತ್ಯಾಸ 850 ಮೀಟರ್. ಅದನ್ನು 255ರಿಂದ ಭಾಗಿಸಿ, 3.3 ಬರುತ್ತದೆ. ಅಂದರೆ ನಡುವೆ ಎಲ್ಲೋ ಈ ಚಿತ್ರ 8 ಬಿಟ್ ಆಗಿ ಹೋಗಿದೆ. 16 ಬಿಟ್ ಉಳಿದಿದ್ದರೆ ಒಂದು ಮೆಟ್ಟಿಲು ಒಂದೂಕಾಲು ಸೆಂಟಿಮೀಟರ್ ಆಸುಪಾಸು ಇರುತ್ತಿತ್ತು, ಕಣ್ಣಿಗೇ ಕಾಣುತ್ತಿರಲಿಲ್ಲ. ಕ್ರಾಪ್ ಮಾಡಲು ಫೋಟೋ ಎಡಿಟರ್‌ನಲ್ಲಿ ತೆರೆದಿರಾ?

ಪ್ರಶ್ನೆ ಕೇಳಿದವರು: ಹೌದು... ಚೌಕ ಮಾಡಲು. ಆದರೆ ಸೇವ್ ಮಾಡುವಾಗ 16 ಬಿಟ್ ಅಂತಲೇ ಆರಿಸಿದ್ದೆ.

ಮಡಿಕೇರಿಯ ನಕ್ಷೆ ಕೆಲಸದವರು: ಚೆಲ್ಲಿದ ಮೇಲೆ ದೊಡ್ಡ ಕೊಡ ತಂದಂತಾಯಿತು. ತೆರೆದಾಗಲೇ 256 ಮಟ್ಟಕ್ಕೆ ಇಳಿದಿದೆ, ಆಮೇಲೆ ಫೈಲ್ ಮಾತ್ರ 16 ಬಿಟ್. ಚಿತ್ರದ ಎಡಿಟರ್ ಕಡೆ ಹೋಗಲೇಬೇಡಿ. ಮೂಲ ಫೈಲಿನಿಂದ ಜಿಡಾಲ್‌ನಲ್ಲಿ ಹೀಗೆ ಮಾಡಿ:

```
gdalwarp -t_srs EPSG:32643 -ot Float32 -r cubicspline \
  -te XMIN YMIN XMAX YMAX -ts 1025 1025 srtm.tif betta.tif
gdal_translate -of ENVI -ot UInt16 \
  -scale 900 1750 0 65535 betta.tif betta.raw
```

32643 ಅಂದರೆ ಕೊಡಗು ಬೀಳುವ ಯುಟಿಎಂ ವಲಯ. ಮೂಲ ಡೇಟಾ ಡಿಗ್ರಿಯಲ್ಲಿರುತ್ತದೆ. ಹಾಗೇ ಬಿಟ್ಟರೆ ಮೀಟರ್ ಲೆಕ್ಕ ಕೂಡುವುದಿಲ್ಲ. XMIN ಇತ್ಯಾದಿ ಜಾಗದಲ್ಲಿ ನಿಮ್ಮ ಮೂಲೆಗಳ ಯುಟಿಎಂ ಅಂಕಿ ಹಾಕಿ. ಚೌಕದ ಅಗಲ 8200 ಮೀಟರ್ ಇಡಿ. 1025 ಬಿಂದು, ಒಂದೊಂದಕ್ಕೆ 8 ಮೀಟರ್. ಯೂನಿಟಿಯಲ್ಲಿ ಮಾತ್ರ ಅಗಲ, ಉದ್ದ 8192 ಕೊಡಿ, ಯಾಕೆಂದರೆ ಅದು ಮೊದಲ ಬಿಂದುವಿನಿಂದ ಕೊನೆಯ ಬಿಂದುವರೆಗೆ ಅಳೆಯುತ್ತದೆ. ಎತ್ತರ 850. ಉತ್ತರ ದಕ್ಷಿಣ ತಿರುಗಿ ಬಂದರೆ ಇಂಪೋರ್ಟ್ ಮಾಡುವಾಗ Flip Vertically ಒತ್ತಿ. ಇದು ಎಲ್ಲರಿಗೂ ಒಮ್ಮೆ ಆಗುತ್ತದೆ. ನನ್ನ ಮೊದಲ ನಕ್ಷೆಯಲ್ಲಿ ಕಾವೇರಿಯೇ ಬೆಟ್ಟ ಹತ್ತುತ್ತಿದ್ದಳು.

ವಿರಾಜಪೇಟೆಯ ಹೋಂಸ್ಟೇಯವರು: ನನಗೂ ಇದೇ ಸಮಸ್ಯೆ. ವೆಬ್‌ಸೈಟ್‌ಗೆ ಬ್ಲೆಂಡರ್‌ನಲ್ಲಿ ನಮ್ಮ ತೋಟದ ಬೆಟ್ಟ ಮಾಡಿಸಿದೆ. ಮಾಡಿಕೊಟ್ಟ ಹುಡುಗ ಎತ್ತರ ಮೂರು ಪಟ್ಟು ಮಾಡಿಟ್ಟಿದ್ದಾನೆ. ನೋಡಿದವರೆಲ್ಲ ಕಾರು ಹತ್ತುತ್ತಾ ಅಂತ ಕೇಳ್ತಾರೆ.

ಮಡಿಕೇರಿಯ ನಕ್ಷೆ ಕೆಲಸದವರು: ಅದು ಬೇರೆ ಸಮಸ್ಯೆ ಸರ್. ಡಿಸ್‌ಪ್ಲೇಸ್ ಮಾಡಿಫೈಯರ್‌ನ Strength ಮೂರನೇ ಒಂದಕ್ಕೆ ಇಳಿಸಲು ಹೇಳಿ, ಕಾರು ಹತ್ತುತ್ತದೆ.

ಪ್ರಶ್ನೆ ಕೇಳಿದವರು (ಮರುದಿನ): ಅಕ್ಕ, ಬೆಟ್ಟ ಸರಿಹೋಯಿತು! ಆದರೆ ಕೆಳಗೆ ಕಕ್ಕಬ್ಬೆ ಕಡೆ ಬಯಲಿನಲ್ಲಿ ಇನ್ನೂ ತೆಳುವಾಗಿ ಪಟ್ಟೆ ಪಟ್ಟೆ ಕಾಣುತ್ತದೆ. ಅಳೆದೆ, ಈ ಸಲ ಸರಿಯಾಗಿ ಒಂದು ಮೀಟರ್.

ಮಡಿಕೇರಿಯ ನಕ್ಷೆ ಕೆಲಸದವರು: ಅಳೆದು ಬಂದಿರಲ್ಲ, ಖುಷಿಯಾಯಿತು. ಇದು ನಿಮ್ಮ ತಪ್ಪಲ್ಲ. ಎಸ್‌ಆರ್‌ಟಿಎಂ ಎತ್ತರವನ್ನು ಪೂರ್ಣ ಮೀಟರ್‌ನಲ್ಲೇ ಬರೆದಿಟ್ಟಿದ್ದಾರೆ. 1100 ಅಥವಾ 1101, ನಡುವೆ ಏನೂ ಇಲ್ಲ. ಕಡಿದಾದ ಬರೆಯಲ್ಲಿ ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ಹತ್ತು ಮೀಟರ್ ಏರುವಾಗ ಇದು ಗೊತ್ತಾಗುವುದಿಲ್ಲ. ಗದ್ದೆ ಬಯಲಿನಲ್ಲಿ ನೂರಾರು ಹೆಜ್ಜೆಗೆ ಒಂದು ಮೀಟರ್ ಇಳಿದರೆ ಅಲ್ಲೇ ಪಟ್ಟೆ ಕಾಣುತ್ತದೆ. ಮೇಲಿನ ಕಮಾಂಡಿನಲ್ಲಿ Float32 ಹಾಕಿಸಿದ್ದೂ ಅದಕ್ಕೇ. ಅದಿಲ್ಲದಿದ್ದರೆ ನಡುವಿನ 8 ಮೀಟರ್ ಬಿಂದುಗಳೂ ಪೂರ್ಣ ಮೀಟರ್‌ಗೆ ಕೂತು, ಇಡೀ ಬೆಟ್ಟಕ್ಕೆ ಗೆರೆ ಬೀಳುತ್ತಿತ್ತು.

ಈಗ ಮೈಸೂರಿನವರ ಬ್ಲರ್ ಉಪಯೋಗಕ್ಕೆ ಬರುತ್ತದೆ. ಆದರೆ `betta.tif` ಮೇಲೆ ಮಾಡಿ, ಇಳಿಜಾರು ಕಡಿಮೆ ಇರುವಲ್ಲಿ ಮಾತ್ರ. ಬೆಟ್ಟಕ್ಕೆಲ್ಲ ಹೊಡೆದರೆ ಏಣು ಸವೆದು ಶಿಖರ ತಗ್ಗುತ್ತದೆ. ತಡಿಯಂಡಮೋಳ್ 1748 ಮೀಟರ್. 30 ಮೀಟರ್ ಡೇಟಾದಲ್ಲಿ ಚೂಪು ತುದಿ ಮೊದಲೇ ಸ್ವಲ್ಪ ತಗ್ಗಿರುತ್ತದೆ, ಇನ್ನೂ ಯಾಕೆ ಸವೆಸುವುದು?

ಮೈಸೂರಿನ ಗೇಮ್ ಡೆವಲಪರ್: ಒಪ್ಪಿದೆ. ಆದರೆ ನಾಯ್ಸ್ ಬೇಕೇ ಬೇಕು. ಬರೀ 30 ಮೀಟರ್ ಡೇಟಾ ಇಟ್ಟರೆ ಹತ್ತಿರದಿಂದ ಮೇಣದ ಬೆಟ್ಟ.

ಮಡಿಕೇರಿಯ ನಕ್ಷೆ ಕೆಲಸದವರು: ಬೇಕು, ಎಂಟು ಆಕ್ಟೇವ್ ಬೇಡ. ಡೇಟಾದ ಬಿಂದುಗಳು 30 ಮೀಟರ್‌ಗೊಂದು. 60 ಮೀಟರ್‌ಗಿಂತ ಅಗಲವಾದ ಏರಿಳಿತವನ್ನು ಅದೇ ಹೇಳುತ್ತದೆ, ಅಲ್ಲಿ ನಾಯ್ಸ್ ಹಾಕಿದರೆ ನಿಜವಾದ ಬೆಟ್ಟ ಕೆಡುತ್ತದೆ. ಕೆಳಗೆ ನಿಮ್ಮ ಜಾಲರಿ 8 ಮೀಟರ್‌ನದು, 16 ಮೀಟರ್‌ಗಿಂತ ಸಣ್ಣ ಅಲೆಯನ್ನು ಅದು ಹಿಡಿಯುವುದಿಲ್ಲ, ಸುಮ್ನೆ ಮುಳ್ಳು ಮುಳ್ಳಾಗುತ್ತದೆ. ಉಳಿದದ್ದು ಎರಡೇ ಆಕ್ಟೇವ್, 32 ಮತ್ತು 16 ಮೀಟರ್. ಅದಕ್ಕಿಂತ ಸಣ್ಣದು ಟೆಕ್ಸ್ಚರ್‌ನ ನಾರ್ಮಲ್ ಮ್ಯಾಪ್ ಕೆಲಸ. ಗದ್ದೆಗೆ ನಾಯ್ಸ್ ತಾಗದ ಹಾಗೆ ಇಳಿಜಾರಿನ ಪ್ರಕಾರ ಹಾಕಿ, `h` ಅಂದರೆ `betta.tif`ನಿಂದ ಓದಿದ ಎತ್ತರ:

```python
gy, gx = np.gradient(h, 8.0)
slope = np.degrees(np.arctan(np.hypot(gx, gy)))
t = np.clip((slope - 5) / 20, 0, 1)
h += 1.2 * t*t*(3 - 2*t) * noise   # noise: -1..1
```

5 ಡಿಗ್ರಿಗಿಂತ ಕಡಿಮೆ ಇದ್ದರೆ ಏನೂ ಇಲ್ಲ, 25 ದಾಟಿದರೆ ಪೂರ್ತಿ 1.2 ಮೀಟರ್. ಈ 1.2 ನನ್ನ ಕಣ್ಣಳತೆ, ನೀವು ಬದಲಾಯಿಸಿ. ಬ್ಲರ್‌ಗೂ ಇದೇ `t` ತಿರುಗಿಸಿ, ಅಂದರೆ `1 - t` ಮಾಡಿ ಬಳಸಬಹುದು.

ಪ್ರಶ್ನೆ ಕೇಳಿದವರು: ಇನ್ನೊಂದೇ ಪ್ರಶ್ನೆ ಅಕ್ಕ. ನಮ್ಮ ಗದ್ದೆಯ ಅಂಚಿನಲ್ಲಿ ತೋಟ ಶುರುವಾಗುವ ಕಡೆ ದೊಡ್ಡ ದಿಬ್ಬ ಬಂದಿದೆ. ಅಲ್ಲಿ ದಿಬ್ಬವೇ ಇಲ್ಲ, ನಾನು ದಿನಾ ನಡೆಯುವ ಜಾಗ.

ಮಡಿಕೇರಿಯ ನಕ್ಷೆ ಕೆಲಸದವರು: ಅದು ಮರ. ಎಸ್‌ಆರ್‌ಟಿಎಂ 2000ನೇ ಇಸವಿ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದದ್ದು. ಆ ರೇಡಾರ್ ದಟ್ಟ ಎಲೆಗಳನ್ನು ದಾಟಿ ನೆಲದವರೆಗೆ ಪೂರ್ತಿ ಇಳಿಯುವುದಿಲ್ಲ. ತೋಟದ ನೆರಳು ಮರ, ಶೋಲಾ ಕಾಡು ಎಲ್ಲ ಅರ್ಧಂಬರ್ಧ ನೆಲದ ಲೆಕ್ಕಕ್ಕೆ ಸೇರಿದೆ. ನೀವು ಅದರ ಮೇಲೆ ಮತ್ತೆ ಮರ ನೆಟ್ಟರೆ ಮರದ ಮೇಲೆ ಮರ.

ಮೈಸೂರಿನ ಗೇಮ್ ಡೆವಲಪರ್: ಫ್ಯಾಬ್‌ಡೆಮ್ ಅಂತ ಇದೆ, ಮರ ಕಟ್ಟಡ ತೆಗೆದ ಡೇಟಾ. ಅದನ್ನು ಹಾಕಿ.

ಮಡಿಕೇರಿಯ ನಕ್ಷೆ ಕೆಲಸದವರು: ಒಳ್ಳೆಯದೇ. ಆದರೆ ಉಚಿತವಾಗಿ ಸಿಗುವುದು ವ್ಯಾಪಾರಕ್ಕಲ್ಲದ ಲೈಸೆನ್ಸಿನಲ್ಲಿ. ಗೇಮ್ ಮಾರುವುದಾದರೆ ಮೊದಲು ಅದನ್ನು ಓದಿಕೊಳ್ಳಿ. ಇಲ್ಲದಿದ್ದರೆ ತೋಟದ ಗಡಿ ನೀವೇ ಗೆರೆ ಎಳೆದು, ಒಳಗಿನ ಎತ್ತರದಿಂದ ಒಂದಿಷ್ಟು ಮೀಟರ್ ಕಳೆಯಬೇಕು. ಎಷ್ಟು ಅಂತ ನನ್ನನ್ನು ಕೇಳಬೇಡಿ, ತೋಟದಿಂದ ತೋಟಕ್ಕೆ ಬೇರೆ.

ಪೊನ್ನಂಪೇಟೆಯವರು: ಮರ ಕಪಾತು ಮಾಡಿದ ವರ್ಷ ಅಳೆದಿದ್ದರೆ?

ಮಡಿಕೇರಿಯ ನಕ್ಷೆ ಕೆಲಸದವರು: ದಿಬ್ಬ ಚಿಕ್ಕದಾಗಿರುತ್ತಿತ್ತು ಅಣ್ಣ. ಈ ಸಲ ನಿಮ್ಮ ಮಾತು ಸರಿ.

ಪ್ರಶ್ನೆ ಕೇಳಿದವರು: ಆ ದಿಬ್ಬ ಆರು ಮೀಟರ್ ಇದೆ. ಸದ್ಯಕ್ಕೆ ನಮ್ಮ ತೋಟಕ್ಕೆ ಮಾತ್ರ ಆರು ಕಳೆದು ನೋಡುತ್ತೇನೆ. ಪಕ್ಕದವರ ತೋಟ ಆಮೇಲೆ.