ಜಾಯಿಂಟ್ ನಂಬರ್ 14

(ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ಅಣ್ಣ ತನ್ನ ಕೆಲಸ ಮುಗಿದ ಖುಷಿಗೆ ಕಂಪ್ಲೀಷನ್ ರಿಪೋರ್ಟಿನ ಫೋಟೋ ಹಾಕಿದ ಮೇಲೆ ನಡೆದ ಮಾತು. ಅವನು ದುರ್ಗದ ಹತ್ತಿರ ಒಂದು ರೈಲ್ವೆ ಸೈಡಿಂಗಿನ ಸೈಟ್ ಎಂಜಿನಿಯರ್. ದೊಡ್ಡಪ್ಪ ದಾವಣಗೆರೆಯಲ್ಲಿದ್ದಾರೆ, ಹಳಿ ಇಲಾಖೆಯಲ್ಲೇ ದುಡಿದು ನಿವೃತ್ತರಾದವರು.)

ಅಣ್ಣ: ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ ಕೆಲಸ ಮುಗೀತು. ರಿಪೋರ್ಟ್ ನಾಳೆ ಸಲ್ಲಿಸ್ತೀನಿ 🙏

ಚಿಕ್ಕಮ್ಮ: ಒಳ್ಳೇದಾಗ್ಲಿ ಕಣಪ್ಪ!

ದೊಡ್ಡಪ್ಪ: ಅಲೈನ್‌ಮೆಂಟ್ ಪುಟ ನೋಡಿದೆ. ನೇರ ಲೈನಿನಲ್ಲಿ 10 ಮೀಟರ್ ದಾರಕ್ಕೆ 2 ಮಿ.ಮೀ. ಒಳಗೇ ಇದೆ, ಸರಿ. ಜಲ್ಲಿ ಪುಟದಲ್ಲಿ ಸ್ಲೀಪರ್ ಕೆಳಗೆ 300, ಪಕ್ಕದ ಭುಜ 350, ಅದೂ ಸರಿ. ಬೆಸುಗೆ ಪುಟದಲ್ಲಿ 14ನೇ ಜಾಯಿಂಟಿಗೆ +0.8 ಮಿ.ಮೀ. ಉಬ್ಬು ಅಂತ ಬರೆದಿದೀಯ. ಯಾವಾಗ ಅಳೆದದ್ದು?

ಅಣ್ಣ: ಅದೇ ದಿನ ದೊಡ್ಡಪ್ಪ. 4:10ಕ್ಕೆ ಎರಡು ಹಳಿ ತುದಿ ನಡುವೆ ಕರಗಿದ ಲೋಹ ಸುರಿದದ್ದು, 4:50ಕ್ಕೆ ಅಳತೆ. ಜಾಯಿಂಟ್ ಮೇಲೆ 1 ಮೀಟರ್ ನೇರ ಪಟ್ಟಿ ಇಟ್ಟು, ತುದಿಯಲ್ಲಿ +1.0 ತನಕ ಬಿಡ್ತಾರಲ್ಲ, ಅದರೊಳಗೇ ಇದೆ.

ದೊಡ್ಡಪ್ಪ: ನಲವತ್ತು ನಿಮಿಷಕ್ಕೆ ಹಳಿ ಮೇಲೆ ಕೈ ಇಡೋಕೆ ಆಗ್ತಿತ್ತಾ?

ಅಣ್ಣ: ಇಲ್ಲ. ಆದ್ರೆ ಅಲ್ಟ್ರಾಸೋನಿಕ್‌ನಲ್ಲೂ ಪಾಸ್ ಆಗಿದೆ. ಇನ್ನೇನು ಬೇಕು?

ದೊಡ್ಡಪ್ಪ: ಅದು ನೋಡೋದು ಒಳಗಿನ ಬಿರುಕು, ಗುಳ್ಳೆ. ಬೆಸುಗೆ ತಗ್ಗಾಗಿದೆಯೋ ಉಬ್ಬಿದೆಯೋ ಅಂತ ಅದು ಹೇಳಲ್ಲ ತಮ್ಮಾ. ಹಳಿಯ ತಳದ ಅಂಚು ತೆಳು, ಬೇಗ ಆರುತ್ತೆ. ತಲೆ ದಪ್ಪ, ಕಡೆಗೆ ಆರುತ್ತೆ. ತಲೆ ಆರ್ತಾ ಕುಗ್ಗಿದ ಹಾಗೆ ಜಾಯಿಂಟ್ ಕೆಳಗಿಳಿಯುತ್ತೆ. ಅದಕ್ಕೇ ಸುರಿಯೋಕೆ ಮುಂಚೆ ಎರಡೂ ಹಳಿ ತುದಿಗೆ ಬೆಣೆ ಕೊಟ್ಟು ಎತ್ತಿ ಇಡೋದು. ನಿಮ್ಮ 880 ಗ್ರೇಡ್ ಹಳಿಗೆ 2ರಿಂದ 2.4 ಮಿ.ಮೀ. ಎಷ್ಟು ಎತ್ತಿದ್ರಿ?

ಅಣ್ಣ: ಗ್ಯಾಂಗಿನವರು 1.5 ಅಂದ್ರು. ಬೆಣೆ ಸರಿದಿರಬೇಕು. ಆ ಅಂಕಿ ರಿಜಿಸ್ಟರಿನಲ್ಲಿ ಬರೆದಿಲ್ಲ.

ದೊಡ್ಡಪ್ಪ: ಹಂಗಾದ್ರೆ +0.8 ಅನ್ನೋದು ಬಿಸಿ ಹಳಿಯ ಅಳತೆ. ನಾಳೆ ಬೆಳಿಗ್ಗೆ ಬಿಸಿಲೇರೋ ಮುಂಚೆ ಅದೇ ಪಟ್ಟಿ ಇಡು. ನಡು ಮೇಲೆ ಕೂತು ತುದಿ ಎದ್ದಿದ್ರೆ ಉಬ್ಬು. ಎರಡೂ ತುದಿ ಗಟ್ಟಿಯಾಗಿ ಕೂತು ನಡುವೆ ಬೆಳಕು ಕಂಡ್ರೆ ತಗ್ಗು.

ಅಣ್ಣ: ತಗ್ಗಿದ್ರೂ ಕಾಲು ಮಿ.ಮೀ. ಇರಬಹುದು ದೊಡ್ಡಪ್ಪಾ! ಅಷ್ಟಕ್ಕೆ ರಿಪೋರ್ಟ್ ನಿಲ್ಲಿಸೋದಾ? ನೂರು ಜಾಯಿಂಟಲ್ಲಿ ಒಂದು.

ದೊಡ್ಡಪ್ಪ: ಪ್ಲಸ್ 1.0 ಬಿಟ್ಟವರು ಮೈನಸ್ ಯಾಕೆ ಸೊನ್ನೆ ಇಟ್ಟರು ಯೋಚಿಸು. ಉಬ್ಬಿದ್ರೆ ಉಜ್ಜಿ ತೆಗೀಬಹುದು. ತಗ್ಗಿಗೆ ಏನು ತುಂಬ್ತೀಯಾ? ಅಕ್ಕಪಕ್ಕ ಉಜ್ಜಿದ್ರೆ ತಗ್ಗು ಉದ್ದವಾಗುತ್ತೆ ಅಷ್ಟೆ.

ಚಿಕ್ಕಮ್ಮ: ಕಾಲು ಮಿ.ಮೀ. ಗುಂಡಿಯಿಂದ ರೈಲಿಗೆ ಏನಾಗುತ್ತೆ ಭಾವಾ?

ದೊಡ್ಡಪ್ಪ: ರೈಲಿಗೆ ತಕ್ಷಣಕ್ಕೆ ಏನೂ ಆಗಲ್ಲಮ್ಮ. ಪ್ರತಿ ಗಾಲಿ ಅಲ್ಲಿ ಇಳಿದು ಹೊಡೆಯುತ್ತೆ. ಆ ಪೆಟ್ಟು ಪಕ್ಕದ ಸ್ಲೀಪರಿಗೆ, ಅದರ ಕೆಳಗಿನ ಜಲ್ಲಿಗೆ. ಜಲ್ಲಿ ಪುಡಿಯಾಗಿ, ಮಳೆ ಬಂದಾಗ ನೀರು ನಿಂತು ಸ್ಲೀಪರ್ ಕೆಳಗೆ ಕೆಸರು. ಸ್ಲೀಪರ್ ಜೋತಾಡೋಕೆ ಶುರುವಾದ್ರೆ ಪೆಟ್ಟು ಇನ್ನೂ ಜೋರು. ನಾನು ಗ್ಯಾಂಗು ಕಳಿಸಿ ಸ್ಲೀಪರ್ ಕೆಳಗೆ ಜಲ್ಲಿ ಪ್ಯಾಕ್ ಮಾಡಿಸಿದ್ದ ಜಾಗ ತಿಂಗಳೊಳಗೆ ಮತ್ತೆ ಕೂತಿದ್ದು ಎಷ್ಟು ಸಲ ನೋಡಿದೀನಿ. ತಪ್ಪು ಜಲ್ಲಿದಲ್ಲ, ಮೇಲಿನ ಬೆಸುಗೆದು.

ಅಣ್ಣ: ಸರಿ, ನಾಳೆ ನೋಡ್ತೀನಿ.

(ಮರುದಿನ ಬೆಳಿಗ್ಗೆ 6:40)

ಅಣ್ಣ: 📷 ದೊಡ್ಡಪ್ಪ, ಎರಡೂ ತುದಿ ಕೂತಿವೆ. ನಡುವೆ 0.3 ಮಿ.ಮೀ. ದಪ್ಪದ ಫೀಲರ್ ತಗಡು ಸಲೀಸಾಗಿ ಹೋಯ್ತು.

ದೊಡ್ಡಪ್ಪ: 1.5 ಎತ್ತಿದ್ದು ಸೊನ್ನೆಗಿಂತ 0.3 ಕೆಳಗೆ. ಒಟ್ಟು 1.8 ಇಳಿದಿದೆ. 2 ಎತ್ತಿದ್ರೆ 0.2 ಮೇಲೇ ನಿಲ್ತಿತ್ತು.

ಅಣ್ಣ: ಹೌದು. ರಾತ್ರಿ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಕ್ಷಮಿಸಿ. ಕತ್ತರಿಸಿ ಹಳಿ ತುಂಡು ಹಾಕಿದ್ರೆ ಒಂದರ ಬದಲು ಎರಡು ಬೆಸುಗೆ. ಕೆಟ್ಟ ಬೆಸುಗೆಯಷ್ಟೇ ಕತ್ತರಿಸಿ 75 ಮಿ.ಮೀ. ಗ್ಯಾಪಿನ ಬೆಸುಗೆ ಮಾಡಿದ್ರೆ ಆಗುತ್ತಾ?

ದೊಡ್ಡಪ್ಪ: ಆಗುತ್ತೆ, ಒಂದರಲ್ಲೇ ಮುಗಿಯುತ್ತೆ. ಮಾಮೂಲಿ 25 ಮಿ.ಮೀ. ಗ್ಯಾಪಿನ ಸಾಮಾನು ಅದಕ್ಕೆ ಬರಲ್ಲ, 75ರ ಅಚ್ಚು, ಮದ್ದಿನ ಪೊಟ್ಟಣ ಬೇರೆ ತರಿಸು. ಎತ್ತೋಕೆ ಸಡಿಲಿಸಿದ ಸ್ಲೀಪರುಗಳನ್ನ ಮತ್ತೆ ಪ್ಯಾಕ್ ಮಾಡಿಸು. ಅದೇ ಸಂಜೆ ಅದೇ ಬೆಣೆಯಲ್ಲಿ ಮಾಡಿದ 13, 15ನ್ನೂ ಈಗಲೇ ಅಳೆ, ಹಳಿ ತಣ್ಣಗಿದೆ.

ಅಣ್ಣ: 13 +0.5, 15 +0.4. ಅವು ಸರಿ ಇವೆ. ರಿಪೋರ್ಟಿನಲ್ಲಿ 14ರ ಎದುರು ಸಂಜೆಯ ಅಳತೆ, ಬೆಳಗಿನ ಅಳತೆ ಎರಡನ್ನೂ ಸಮಯ ಹಾಕಿ ಬರೆದು, ‘ತಿರಸ್ಕೃತ’ ಅಂತ ಹಾಕಿದೆ. ಹೊಸ ಬೆಸುಗೆ ಆದ ಮೇಲೇ ಸಲ್ಲಿಸ್ತೀನಿ.

ದೊಡ್ಡಪ್ಪ: ಎತ್ತಿದ ಅಂಕಿಗೆ ಒಂದು ಕಾಲಂ ಸೇರಿಸು.

ಅಣ್ಣ: ಸೇರಿಸಿದೆ ದೊಡ್ಡಪ್ಪ.