ಹಾರ್ಟ್ ಪೇಶೆಂಟ್ ಹಲ್ಲು ಕೀಳಿಸುವ ಮೊದಲು ಆಂಟಿಬಯಾಟಿಕ್ ಬೇಕಾ? ದಂತವೈದ್ಯರ ಜೊತೆ ಪ್ರಶ್ನೋತ್ತರ

ಸೀತಾಂಗೋಳಿಯಿಂದ: ಅಪ್ಪನಿಗೆ ಎರಡು ಸ್ಟೆಂಟ್ ಇದೆ. ಹಲ್ಲು ಕ್ಲೀನ್ ಮಾಡಿಸಬೇಕು. ಮೊದಲೇ ಆಂಟಿಬಯಾಟಿಕ್ ತಗೊಳ್ಳಬೇಕಾ ಡಾಕ್ಟ್ರೇ?

ಡಾಕ್ಟರ್: ಬೇಡ. ಸ್ಟೆಂಟ್ ಕೂತಿರುವುದು ರಕ್ತನಾಳದಲ್ಲಿ, ಹೃದಯದ ವಾಲ್ವ್‌ನಲ್ಲಿ ಅಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಉಪ್ಪಳದಿಂದ: ಬೈಪಾಸ್ ಆದವರಿಗೆ?

ಡಾಕ್ಟರ್: ಬೇಡ.

ಮುಳ್ಳೇರಿಯದಿಂದ: ಪೇಸ್‌ಮೇಕರ್ ಇದ್ದರೆ?

ಡಾಕ್ಟರ್: ಅದಕ್ಕೂ ಬೇಡ.

ಪೆರ್ಲದಿಂದ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಹಾಳಾಗಿತ್ತು. ಈಗ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದೆ. ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ ತಗೊಳ್ತಾರೆ. ಪೆನ್ಸಿಲಿನ್ ಮಾತ್ರೆಯೂ ದಿನಾ ಎರಡು ಹೊತ್ತು ಇದೆ. ಕೆಳಗಿನ ದವಡೆ ಹಲ್ಲು ಬರುವ ವಾರ ಕೀಳಬೇಕಂತೆ. ಪೆನ್ಸಿಲಿನ್ ಹೇಗೂ ನಡೀತಾ ಇದೆಯಲ್ಲ, ಬೇರೆ ಏನಾದರೂ ಬೇಕಾ?

ಡಾಕ್ಟರ್: ಬೇಕು. ಕೀಳುವ ಮೊದಲು ಕೊಡುವ ಆಂಟಿಬಯಾಟಿಕ್ ಡೋಸ್ ಇರುವುದೇ ನಿಮ್ಮ ಅಮ್ಮನಂಥವರಿಗೆ. ಕೃತಕ ವಾಲ್ವ್ ಇದ್ದವರು, ಹಿಂದೆ ಒಮ್ಮೆ ವಾಲ್ವ್‌ಗೆ ಸೋಂಕು ಬಂದವರು, ಹುಟ್ಟಿನಿಂದ ಬಂದ ಕೆಲವು ಹೃದಯದ ತೊಂದರೆ ಇದ್ದವರು, ಹೃದಯ ಕಸಿ ಆಗಿ ವಾಲ್ವ್ ಸೋರುವವರು. ಪಟ್ಟಿ ಹೆಚ್ಚುಕಡಿಮೆ ಇಷ್ಟೇ.

ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತದೆ. ಹೆಚ್ಚಿನವರಲ್ಲಿ ದೇಹವೇ ಅದನ್ನು ತೆಗೆದುಹಾಕುತ್ತದೆ. ಕೃತಕ ವಾಲ್ವ್ ಇದ್ದವರಲ್ಲಿ ಅದು ಅಲ್ಲೇ ಹೋಗಿ ಅಂಟಿಕೊಳ್ಳಬಹುದು. ಆಮೇಲೆ ವಾರಗಟ್ಟಲೆ ಡ್ರಿಪ್, ಕೆಲವೊಮ್ಮೆ ಇನ್ನೊಂದು ಆಪರೇಶನ್.

ಈಗ ಪೆನ್ಸಿಲಿನ್ ವಿಷಯ. ಅಮ್ಮ ದಿನಾ ತಗೊಳ್ಳುವುದು ಸಣ್ಣ ಡೋಸ್. ರುಮ್ಯಾಟಿಕ್ ಜ್ವರ ಮತ್ತೆ ಬರದಂತೆ ಕೊಡುವಂಥದ್ದು. ಅದನ್ನು ವರ್ಷಗಟ್ಟಲೆ ತಿಂದವರ ಬಾಯಲ್ಲಿ ಪೆನ್ಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾವೇ ಜಾಸ್ತಿ ಉಳಿದಿರುತ್ತದೆ. ಬೇರೆ ದೊಡ್ಡವರಿಗೆ ನಾವು ಅಮೋಕ್ಸಿಸಿಲಿನ್ 2 ಗ್ರಾಂ ಒಂದೇ ಸಲ ಕೊಡುತ್ತೇವೆ. ಅದೂ ಪೆನ್ಸಿಲಿನ್ ಜಾತಿಯದ್ದೇ. ಹಾಗಾಗಿ ಅಮ್ಮನಿಗೆ ಬೇರೆ ಜಾತಿಯದ್ದು ಬೇಕು. ಅಜಿತ್ರೋಮೈಸಿನ್ 500 ಮಿಲಿಗ್ರಾಂ ಅಥವಾ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಕೀಳುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಒಂದೇ ಸಲ. ಎರಡರಲ್ಲಿ ಯಾವುದು ಎಂದು ಅಮ್ಮನ ಇಸಿಜಿ, ಬೇರೆ ಮಾತ್ರೆ ಎಲ್ಲ ನೋಡಿ ಹೃದಯದ ಡಾಕ್ಟರ್ ಹೇಳಬೇಕು. ಈ ಮೆಸೇಜ್ ತೋರಿಸಿ ಅಂಗಡಿಯಲ್ಲಿ ತಗೋಬೇಡಿ.

ಅಸಿಟ್ರಾಮ್ ನಿಲ್ಲಿಸಲೇಬೇಡಿ. ಕೀಳುವ ಹಿಂದಿನ ದಿನ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಮಾಡಿಸಿ. 3.5ರ ಒಳಗೆ ಇದ್ದರೆ ಸಾಮಾನ್ಯವಾಗಿ ಒಂದು ಹಲ್ಲು ಕೀಳಬಹುದು. ಹೊಲಿಗೆ ಹಾಕಿ, ಗಾಜ್ ಕಚ್ಚಿಸಿ ರಕ್ತ ನಿಲ್ಲಿಸಬಹುದು. ವಾಲ್ವ್ ಮೇಲೆ ಹೆಪ್ಪುಗಟ್ಟಿದರೆ ಅದನ್ನು ನಿಲ್ಲಿಸಲು ನನ್ನ ಹತ್ತಿರ ಏನೂ ಇಲ್ಲ.

ಕುಂಬಳೆಯ ಮಾಷ್ಟ್ರು: ರುಮ್ಯಾಟಿಕ್ ಇದ್ದವರಿಗೆಲ್ಲ ಕೊಡಬೇಕು ಡಾಕ್ಟ್ರೇ. ನನಗೆ ವಾಲ್ವ್ ಸ್ವಲ್ಪ ಸೋರುತ್ತದೆ, ಆಪರೇಶನ್ ಆಗಿಲ್ಲ. ಹಿಂದೆ ಪ್ರತಿ ಸಲ ಕೊಡುತ್ತಿದ್ದರು.

ಡಾಕ್ಟರ್: ಹಿಂದೆ ಕೊಡುತ್ತಿದ್ದದ್ದು ಹೌದು ಮಾಷ್ಟ್ರೇ. 2007ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಶನ್ ಪಟ್ಟಿಯನ್ನು ಸಣ್ಣದು ಮಾಡಿತು. 2021ರಲ್ಲೂ ಹಾಗೆಯೇ ಉಳಿಸಿತು. ಸ್ವಂತ ವಾಲ್ವ್ ಸೋರುವುದು ಆ ಪಟ್ಟಿಯಲ್ಲಿಲ್ಲ. ಹಲ್ಲುಜ್ಜುವಾಗ, ಅಗಿಯುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ, ದಿನಾ. ವರ್ಷಕ್ಕೊಮ್ಮೆ ನುಂಗುವ ಮಾತ್ರೆಗಿಂತ ವಸಡು ಚೆನ್ನಾಗಿಟ್ಟುಕೊಳ್ಳುವುದೇ ನಿಮಗೆ ಜಾಸ್ತಿ ಉಪಯೋಗ.

ಮಂಜೇಶ್ವರದಿಂದ: ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ವಾಲ್ವ್ ಹಾಕಿದವರಿಗೂ ಕೊಡುವುದಿಲ್ಲವಂತೆ. ನೀವು ಸುಮ್ನೆ ಹೆದರಿಸುತ್ತಿದ್ದೀರಿ.

ಡಾಕ್ಟರ್: ಅಲ್ಲಿ 2008ರಲ್ಲಿ ಬೇಡ ಎಂದರು. 2016ರಲ್ಲಿ ಅದನ್ನು ‘ವಾಡಿಕೆಯಾಗಿ ಬೇಡ’ ಎಂದು ತಿದ್ದಿದರು. ಅಂದರೆ ಅಪಾಯ ಜಾಸ್ತಿ ಇರುವವರ ಬಗ್ಗೆ ಯೋಚಿಸಿ ಕೊಡಬಹುದು. ದೊಡ್ಡ ಪ್ರಯೋಗ ಮಾಡಿ ಯಾರೂ ತೀರ್ಮಾನಿಸಿಲ್ಲ, ಅದು ನಿಜ. ನಾನಂತೂ ಲೋಹದ ವಾಲ್ವ್ ಇದ್ದವರಿಗೆ ಕೊಡದೆ ಕೀಳುವುದಿಲ್ಲ.

ಮಂಜೇಶ್ವರದಿಂದ: ಅಂದರೆ ನಿಮಗೂ ಗ್ಯಾರಂಟಿ ಇಲ್ಲ.

ಕುಂಬಳೆಯ ಮಾಷ್ಟ್ರು: ಹಾಗಾದರೆ ಮಗಳ ಹತ್ತಿರವೇ ಹೋಗಿ ಹಲ್ಲು ಕೀಳಿಸಿ ಮಾರಾಯ್ರೆ.

ನೀರ್ಚಾಲಿನಿಂದ: ಫಾರ್ವರ್ಡ್ ಬಂದಿದೆ. ‘ಹೃದಯ ರೋಗಿಗಳು ಹಲ್ಲು ಕೀಳಿಸುವ ಮೊದಲು 5 ದಿನ ಅಮೋಕ್ಸಿಸಿಲಿನ್ ತಗೊಳ್ಳಿ, ರಕ್ತದ ಮಾತ್ರೆ ನಿಲ್ಲಿಸಿ ಬೆಳ್ಳುಳ್ಳಿ ತಿನ್ನಿ.’ ಹಲವರಿಗೆ ಉಪಯೋಗ ಆಗಬಹುದು ಅಂತ ಹಾಕಿದೆ.

ಡಾಕ್ಟರ್: ದಯವಿಟ್ಟು ಡಿಲೀಟ್ ಮಾಡಿ. ಐದು ದಿನ ತಿಂದರೆ ಮೊಂಡು ಬ್ಯಾಕ್ಟೀರಿಯಾವನ್ನು ಸಾಕಿಕೊಂಡು ಕುರ್ಚಿಗೆ ಬಂದ ಹಾಗೆ. ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ. ಲೋಹದ ವಾಲ್ವ್ ಕಾಯುವುದು ಅದರ ಕೈಲಿ ಆಗುವುದಿಲ್ಲ.

ಸೀತಾಂಗೋಳಿಯಿಂದ: ನಮ್ಮ ಕಡೆ ಅಂಗಡಿಯಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ತಲಪಾಡಿ ಗಡಿ ದಾಟಿದರೆ ಸಿಗುತ್ತದಾ?

ನೀರ್ಚಾಲಿನಿಂದ: ಕೇಳಿ ನೋಡಿ, ಸಿಗಬಹುದು.

ಕುಂಬಳೆಯ ಮಾಷ್ಟ್ರು: ಇದೇ ಬೇಡ ಅಂತ ಡಾಕ್ಟ್ರು ಬಾಯಿ ಬಡ್ಕೊಳ್ತಾ ಇರುವುದು!

ನೀರ್ಚಾಲಿನಿಂದ: ಮಾಷ್ಟ್ರೇ, ಇದು ನಿಮ್ಮ ಕ್ಲಾಸ್ ಅಲ್ಲ.

ಉಪ್ಪಳದಿಂದ: ಹಲ್ಲು ಸೆಟ್ ಕಟ್ಟಿಸಲು ಎಷ್ಟಾಗುತ್ತದೆ ಡಾಕ್ಟ್ರೇ?

ಪೆರ್ಲದಿಂದ: ಡಾಕ್ಟ್ರೇ, ಆ ಫಾರ್ವರ್ಡ್ ನಮಗೆ ಮೊದಲೇ ಬಂದಿತ್ತು. ಮೂರು ದಿನದಿಂದ ಅಸಿಟ್ರಾಮ್ ನಿಲ್ಲಿಸಿದ್ದೇವೆ. ಇನ್ನೊಂದು, ಎರಡು ವಾರದಿಂದ ಅಮ್ಮನಿಗೆ ಸಂಜೆ ಚಳಿಜ್ವರ ಬರುತ್ತಿದೆ. ಹತ್ತಿರದ ಕ್ಲಿನಿಕ್‌ನಲ್ಲಿ 5 ದಿನ ಆಂಟಿಬಯಾಟಿಕ್ ಕೊಟ್ಟರು. ನಿಂತಿತು, ಮತ್ತೆ ಬಂತು. ಹಲ್ಲಿನ ನೋವಿಗೇ ಇರಬೇಕು, ಅಲ್ವಾ?

ಡಾಕ್ಟರ್: ಹಲ್ಲಿನದ್ದು ಎಂದು ಬಿಡಬೇಡಿ. ಇದನ್ನು ಮೊದಲೇ ಹೇಳಬೇಕಿತ್ತು ತಂಗಿ. ಹಲ್ಲು ಈಗ ಕೀಳುವ ಮಾತೇ ಇಲ್ಲ. ಇವತ್ತೇ ಹೊರಡಿ. ವಾಲ್ವ್ ಹಾಕಿದ ಕಡೆಗೇ, ಅದು ದೂರವಾದರೆ ಹೃದಯದ ಸ್ಕ್ಯಾನ್, ಅಂದರೆ ಎಕೋ, ಇರುವ ದೊಡ್ಡ ಆಸ್ಪತ್ರೆಗೆ.

ಕೃತಕ ವಾಲ್ವ್ ಇದ್ದವರಿಗೆ ಕಾರಣ ಗೊತ್ತಾಗದ ಜ್ವರ ಬಂದು, ಆಂಟಿಬಯಾಟಿಕ್‌ಗೆ ತಗ್ಗಿ, ನಿಲ್ಲಿಸಿದ ಮೇಲೆ ಮತ್ತೆ ಬಂದರೆ ಮೊದಲ ಅನುಮಾನ ವಾಲ್ವ್ ಮೇಲೆಯೇ. ಹಾಳಾದ ಆ ಹಲ್ಲಿನಿಂದಲೇ ಶುರುವಾಗಿರಬಹುದು. ಕೀಳಿಸುವವರೆಗೆ ಸೋಂಕು ಕಾಯುವುದಿಲ್ಲ. ಹೊಸ ಆಂಟಿಬಯಾಟಿಕ್ ಕೊಡುವ ಮೊದಲು, ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಲಿ. ಬೇರೆ ಬೇರೆ ಜಾಗದಿಂದ ಚುಚ್ಚಿ ಮೂರು ಸಲ ರಕ್ತ ತೆಗೆಯುತ್ತಾರೆ. ಹಿಂದಿನ 5 ದಿನದ ಮಾತ್ರೆಯ ಚೀಟಿ ಒಯ್ದು ತೋರಿಸಿ, ಯಾಕೆಂದರೆ ಅದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಎಕೋ ಮಾಡುತ್ತಾರೆ. ಹೊರಗಿನಿಂದ ಮಾಡುವ ಎಕೋದಲ್ಲಿ ಲೋಹದ ವಾಲ್ವ್ ಸರಿಯಾಗಿ ಕಾಣುವುದಿಲ್ಲ, ಗಂಟಲಿನಿಂದ ಇಳಿಸಿ ಮಾಡುವುದು ಬೇಕಾಗಬಹುದು.

ಅಸಿಟ್ರಾಮ್ ಬಿಟ್ಟದ್ದಕ್ಕೆ ಈಗ ಎರಡೆರಡು ಮಾತ್ರೆ ಕೊಡಬೇಡಿ. ಐಎನ್‌ಆರ್ ನೋಡಿ ಅವರೇ ಹೇಳುತ್ತಾರೆ. ದಾರಿಯಲ್ಲಿ ಬಾಯಿ ಓರೆಯಾದರೆ, ಮಾತು ತೊದಲಿದರೆ, ಕೈ ಎತ್ತಲು ಆಗದಿದ್ದರೆ, ಉಸಿರು ಕಟ್ಟಿದರೆ ಹತ್ತಿರದ ಎಮರ್ಜೆನ್ಸಿಗೇ ಹೋಗಿ.

ನೀರ್ಚಾಲಿನಿಂದ: ನನ್ನ ಮೇಲೆ ಯಾರೂ ಹಾಕಬೇಡಿ. ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದ್ದು.

ಡಾಕ್ಟರ್: ಬಂದದ್ದನ್ನೆಲ್ಲ ಕಳಿಸಬೇಕೆಂದಿಲ್ಲ.

ಪೆರ್ಲದಿಂದ: ಮಂಗಳೂರಿಗೆ ಬಂದೆವು. ಐಎನ್‌ಆರ್ 1.4ಕ್ಕೆ ಇಳಿದಿದೆಯಂತೆ. ಮೂರು ಸಲ ರಕ್ತ ತೆಗೆದರು. ನಾಳೆ ಗಂಟಲಿನ ಎಕೋ. ಹಲ್ಲು ಯಾವಾಗ ಕೀಳುವುದು ಎಂದು ಕೇಳಿದೆ, ಏನೂ ಹೇಳಲಿಲ್ಲ.

ಡಾಕ್ಟರ್: ಸದ್ಯ ಹೇಳುವುದಿಲ್ಲ. ಕಲ್ಚರ್‌ಗೆ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಆ ಹಲ್ಲು ಬಾಯಲ್ಲಿದೆ ಎಂದು ಮಾತ್ರ ಚೀಟಿಯಲ್ಲಿ ಬರೆಸಿ. ಅದು ಹೋಗಲೇಬೇಕು, ಆದರೆ ಅಲ್ಲೇ, ಅವರ ಕಣ್ಣೆದುರಿಗೆ.

ಉಪ್ಪಳದಿಂದ: ಹಲ್ಲು ಸೆಟ್ಟಿನ ರೇಟ್ ಹೇಳಲಿಲ್ಲ ಡಾಕ್ಟ್ರೇ.