20 ಟ್ರೇಡ್‌ಗೆ ಎಕ್ಸ್‌ಪೆಕ್ಟೆನ್ಸಿ 0.35 ಆರ್ ಬಂತು, ಮುಂದಿನ 20ರಲ್ಲಿ ಲಾಸ್. ಸೂತ್ರವೇ ತಪ್ಪಾ?

ಹಸಿರುಕ್ಯಾಂಡಲ್:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. 20 ಟ್ರೇಡ್, 9 ಗೆಲುವು, 11 ಸೋಲು. ಒಂದು ಟ್ರೇಡಲ್ಲಿ ಪಣಕ್ಕಿಡೋ ದುಡ್ಡನ್ನ 1 ಆರ್ ಅಂತ ಹಿಡಿದಿದ್ದೀನಿ. ಸರಾಸರಿ ಗೆಲುವು 2 ಆರ್, ಸರಾಸರಿ ಸೋಲು 1 ಆರ್. ಎಕ್ಸ್‌ಪೆಕ್ಟೆನ್ಸಿ, ಅಂದ್ರೆ ಒಂದು ಟ್ರೇಡಿಗೆ ಸರಾಸರಿ ಸಿಗೋದು:

```
0.45 × 2 − 0.55 × 1 = 0.35
```

ಅದೇ ರೂಲ್ಸ್ ಇಟ್ಕೊಂಡು ಮತ್ತೆ 20 ಟ್ರೇಡ್ ಮಾಡಿದೆ. 7 ಆರ್ ಬರಬೇಕಿತ್ತು, 3 ಆರ್ ಹೋಯ್ತು. ಎಲ್ಲಿ ತಪ್ಪಿದೆ?

ಗ್ಯಾಪ್‌ಅಪ್:
ಶೀಟ್‌ನಲ್ಲಿ ಸೋಲನ್ನ ಮೈನಸ್ ಹಾಕಿ ಬರೆದಿದ್ದೀರಾ? ಹಾಗಿದ್ರೆ ಕಳೆಯೋ ಬದಲು ಕೂಡಿಕೊಳ್ಳುತ್ತೆ.

ಹಸಿರುಕ್ಯಾಂಡಲ್:
ಆಗ 1.45 ಬರ್ತಿತ್ತಲ್ಲ ಸರ್. `ABS` ಹಾಕಿದ್ದೀನಿ.

ಗ್ಯಾಪ್‌ಅಪ್:
ಆದ್ರೂ ಒಂದ್ಸಲ ಆ ಸೆಲ್ ನೋಡಿ. ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತೆ.

ಸ್ಕಾಲ್ಪ್‌ಡೆಸ್ಕ್:
ವಿನ್ ರೇಟ್ 45 ಅಂದ್ರೆ ಕಷ್ಟಾನೇ. ನನ್ನದು 78. ಟಾರ್ಗೆಟ್ ಹತ್ತಿರ ಇಡಿ. ಮೂರು ಮಾನಿಟರ್, ಒಂದು ನಿಮಿಷದ ಚಾರ್ಟ್, ಅಷ್ಟೇ ಸಾಕು.

ಆರ್‌ಲೆಕ್ಕ:
78 ಸರಿ, ಒಂದು ಗೆಲುವಿಗೆ ಎಷ್ಟು ಸಿಗುತ್ತೆ? 0.25 ಆರ್ ಸಿಕ್ಕಿ, ಸೋಲು ಪೂರ್ತಿ 1 ಆರ್ ಆದ್ರೆ ಅದೂ ಲಾಸೇ.

ಹಸಿರುಕ್ಯಾಂಡಲ್, ಸರಾಸರಿ ಬೇಡ. ಆ 9 ಗೆಲುವನ್ನ ಬಿಡಿಬಿಡಿಯಾಗಿ ಹಾಕಿ.

ಹಸಿರುಕ್ಯಾಂಡಲ್:
ಒಂದು 8 ಆರ್. ಉಳಿದ ಎಂಟೂ 1.25 ಆರ್. ಸೋಲೆಲ್ಲ ಸ್ಟಾಪ್‌ಲಾಸ್‌ಗೆ ಬಿದ್ದಿದ್ದು, 1 ಆರ್. ಇನ್ನೂ 4 ಟ್ರೇಡ್ ಕೊಂಡ ರೇಟಿಗೇ ಹೊರಗೆ ಬಂದಿದ್ವು, ಅವನ್ನ ಹಿಡಿದಿಲ್ಲ.

ಆರ್‌ಲೆಕ್ಕ:
ಇದನ್ನ ಮೊದಲೇ ಹೇಳಬೇಕಿತ್ತು. ಆ 8 ಆರ್ ತೆಗೆದು ನೋಡಿ: ಗೆಲುವು 10, ಸೋಲು 11, 19 ಟ್ರೇಡ್‌ಗೆ ಮೈನಸ್ 0.05. ನಿಮ್ಮ ಲಾಭವೆಲ್ಲ ಒಂದೇ ಟ್ರೇಡ್ ಮೇಲೆ ನಿಂತಿದೆ. ಅದನ್ನ ಬಿಟ್ಟುಬಿಡಿ ಅಂತಲ್ಲ, ಅದು ನಿಜವಾಗಿ ಸಿಕ್ಕಿದ ದುಡ್ಡೇ. ಆದ್ರೆ ಅಂಥದ್ದು 20ಕ್ಕೊಂದು ಬರುತ್ತೋ 60ಕ್ಕೊಂದು ಬರುತ್ತೋ ಇಷ್ಟರಲ್ಲಿ ತಿಳಿಯಲ್ಲ. 60ಕ್ಕೊಂದಾದ್ರೆ ಎಕ್ಸ್‌ಪೆಕ್ಟೆನ್ಸಿ 0.08ಕ್ಕೆ ಇಳಿಯುತ್ತೆ.

ಪ್ರತಿ ಟ್ರೇಡಿನ ಆರ್ ಅನ್ನ ಡಿ ಕಾಲಂನಲ್ಲಿ ಹಾಕಿ, ಸೋಲಿಗೆ ಮೈನಸ್ ಇಟ್ಟೇ:

```
=AVERAGE(D2:D21)
=STDEV.S(D2:D21)/SQRT(COUNT(D2:D21))
```

ಮೊದಲನೆಯದು ಅದೇ 0.35. ಎರಡನೆಯದು, ಆ ಸರಾಸರಿ ಎಷ್ಟು ಆಚೀಚೆ ಆಗಬಹುದು ಅನ್ನೋ ಅಂದಾಜು, 0.47. ಅದರ ಎರಡರಷ್ಟು ಆಚೀಚೆ ಹೋದ್ರೆ ಮೈನಸ್ 0.6ರಿಂದ 1.3ರವರೆಗೆ ಎಲ್ಲಾದ್ರೂ ಇರಬಹುದು. ನಿಮ್ಮ ಎರಡನೇ ಕಂತು ಟ್ರೇಡಿಗೆ ಮೈನಸ್ 0.15, ಅದರೊಳಗೇ ಬಂತು. ಏರಿಳಿತ ಹೀಗೇ ಇದ್ರೆ, 0.35 ಸೊನ್ನೆಗಿಂತ ಮೇಲಿದೆ ಅಂತ ಹೇಳೋಕೆ ಸುಮಾರು 150 ಟ್ರೇಡ್ ಬೇಕು. ಒಂದು ದೊಡ್ಡ ಗೆಲುವು ಇಷ್ಟು ಎಳೆಯುವಾಗ ಈ ಲೆಕ್ಕವೂ ಅಂದಾಜೇ.

ಗ್ಯಾಪ್‌ಅಪ್:
ಆ ನಾಲ್ಕನ್ನ ಮರೀಬೇಡಿ. 24ಕ್ಕೆ 9 ಗೆಲುವು, 37.5. ಉಳಿದ 62.5 ಸೋಲು. ಎಕ್ಸ್‌ಪೆಕ್ಟೆನ್ಸಿ 0.125!

ಆರ್‌ಲೆಕ್ಕ:
ಸೇರಿಸಬೇಕು ಅನ್ನೋದು ಸರಿ. ಆದ್ರೆ ಅವನ್ನ ಸೋಲಿನ ಗುಂಪಿಗೆ ಹಾಕಿದ ಮೇಲೆ ಸರಾಸರಿ ಸೋಲೂ 15ಕ್ಕೆ ಹಂಚಿ 0.73 ಆಗುತ್ತೆ. ಉತ್ತರ 0.29.

ಗ್ಯಾಪ್‌ಅಪ್:
ಬ್ರೋಕರೇಜ್ ಕಳೆದ್ರೆ ಆ ನಾಲ್ಕೂ ಸೊನ್ನೆ ಅಲ್ಲ, ಸೋಲೇ.

ಹಸಿರುಕ್ಯಾಂಡಲ್:
ಬ್ರೋಕರೇಜ್ ಯಾವುದರಲ್ಲೂ ಕಳೆದಿಲ್ಲ. ಎರಡನೇ ಕಂತಲ್ಲಿ ಕೊಂಡ ರೇಟಿಗೆ ಬಂದಿದ್ದೆಷ್ಟು ಅಂತಾನೂ ಬರೆದಿಲ್ಲ. ಟ್ರೇಡ್‌ಬುಕ್ ತೆಗೆದು ಮತ್ತೆ ಕೂಡ್ತೀನಿ.

ಸ್ಕಾಲ್ಪ್‌ಡೆಸ್ಕ್:
ನನ್ನ ಸರಾಸರಿ ಸೋಲು 1 ಆರ್‌ಗಿಂತ ಜಾಸ್ತಿ ಇದೆ, ಸ್ಲಿಪೇಜ್. ಅದನ್ನ 1 ಅಂತಲೇ ಹಿಡಿಯೋದಾ?